ಪನೀರಿನ ನೀರಿಗೆ ಎರಡನೆಯ ಕಾವು



ಪನೀರ್ ಮಾಡಿದ ಮೇಲೆ ಪಾತ್ರೆಯಲ್ಲಿ ನೀರು ಉಳಿಯುತ್ತದೆ. ತುಸು ಹಸಿರು, ತುಸು ಹಳದಿ, ಬಾಯಿಗಿಟ್ಟರೆ ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಅದಕ್ಕೆ ಹಾಲೊಡಕು ಎನ್ನುತ್ತಾರೆ. ನಮ್ಮ ಕಡೆ ಮನೆಯಲ್ಲಿ ಪನೀರ್ ನೀರು ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಆ ನೀರನ್ನು ಮತ್ತೆ ಕಾಯಿಸಿ, ಹುಳಿ ಹಾಕಿ, ರಿಕೊಟ್ಟಾದಂಥ ಮೆತ್ತನೆಯ ಗಿಣ್ಣ ತೆಗೆಯಬಹುದೇ? ತೆಗೆಯಬಹುದಾದರೆ ಎಷ್ಟು? ಇವತ್ತಿನ ಮಾತು ಅಷ್ಟರ ಮೇಲೆಯೇ.

ಕಮಲಾಪುರದ ಕಡೆಯ ಒಬ್ಬ ಹೆಣ್ಣುಮಗಳು ನನ್ನನ್ನು ಕೇಳಿದ ಪ್ರಶ್ನೆ ಹೀಗಿತ್ತು. "ಸರ್, ಪನೀರ್ ನೀರು ಮತ್ತ ಕಾಸಿದ್ರ ಇಟಲಿ ಚೀಸ್ ಬರ್ತದ ಅಂದ್ರು. ಕಾಸಿದೆ, ಲಿಂಬಿಹಣ್ಣು ಹಿಂಡಿದೆ, ಕುದಿಸಿದೆ. ಅರಿವಿ ಮ್ಯಾಲ ಒಂದು ಚಮಚ ಬಂತು ನೋಡ್ರಿ, ಅಷ್ಟ. ನಾ ಎಲ್ಲಿ ತಪ್ಪಿದೆ?"

ತಾಯಿ, ತಪ್ಪು ಹೆಚ್ಚಾಗಿ ನಿಮ್ಮದಲ್ಲ. ಆ ನೀರಿನಲ್ಲಿ ಇದ್ದದ್ದೇ ಅಷ್ಟು. ಯಾಕೆ ಅಷ್ಟೇ ಇತ್ತು ಎಂಬುದನ್ನು ತಿಳಿದರೆ, ಹೆಚ್ಚು ಬರಿಸುವುದು ಹೇಗೆ ಎಂಬುದೂ ತಿಳಿಯುತ್ತದೆ. ಆದ್ದರಿಂದ ಮೊದಲು ಆ ಯಾಕೆ.

ಹಾಲಿನಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ಒಂದು ಕೇಸೀನ್. ಐದು ಪಾಲಿನಲ್ಲಿ ನಾಲ್ಕು ಪಾಲು ಅದೇ. ಹಾಲಿಗೆ ಬಿಳಿ ಬಣ್ಣ ಬರುವುದರಲ್ಲಿ ಅದರ ಪಾಲು ದೊಡ್ಡದು. ಹುಳಿ ತಾಗಿದರೆ ಅದು ಒಡೆದು ಗಟ್ಟಿಯಾಗುತ್ತದೆ. ಉಳಿದ ಒಂದು ಪಾಲಿಗೆ ಹಾಲೊಡಕಿನ ಪ್ರೋಟೀನು ಎಂದು ಹೆಸರು. ಇದರ ಸ್ವಭಾವ ಬೇರೆ. ತಣ್ಣಗಿದ್ದಾಗ ಹುಳಿ ಹಾಕಿದರೂ ಇದು ಕದಲುವುದಿಲ್ಲ, ನೀರಿನಲ್ಲಿಯೇ ಕರಗಿಕೊಂಡಿರುತ್ತದೆ. ಇದನ್ನು ಕದಲಿಸುವುದು ಕಾವು. ಇದರ ಒಂದೊಂದು ಕಣವೂ ಬಿಗಿಯಾಗಿ ಸುತ್ತಿದ ನೂಲಿನ ಉಂಡೆಯ ಹಾಗೆ ಇರುತ್ತದೆ. ಸುಮಾರು 75 ಡಿಗ್ರಿ ದಾಟಿದ ಮೇಲೆ ಆ ಉಂಡೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದು ಪಕ್ಕದಲ್ಲಿ ಏನು ಸಿಗುತ್ತದೋ ಅದಕ್ಕೆ ಅಂಟಿಕೊಳ್ಳುತ್ತದೆ.

ಈಗ ಇಟಲಿಯ ರೈತ ಏನು ಮಾಡುತ್ತಾನೆ ನೋಡಿ. ಅವನು ಕುರಿ ಅಥವಾ ಹಸುವಿನ ಹಾಲನ್ನು ಕುದಿಸುವುದಿಲ್ಲ. ಕೈಗೆ ಬೆಚ್ಚಗೆ ಹತ್ತುವಷ್ಟು, 35 ಡಿಗ್ರಿಯ ಆಸುಪಾಸು ಕಾಯಿಸುತ್ತಾನೆ. ರೆನೆಟ್ ಎಂಬ ಕಿಣ್ವ ಹಾಕಿ ಹಾಲನ್ನು ಹೆಪ್ಪುಗಟ್ಟಿಸುತ್ತಾನೆ. ಕೇಸೀನ್ ಚೀಸಿಗೆ ಹೋಗುತ್ತದೆ. ಕಾವು ತಾಗದ ಹಾಲೊಡಕಿನ ಪ್ರೋಟೀನು ಹೆಚ್ಚುಕಡಿಮೆ ಪೂರ್ತಿಯಾಗಿ ನೀರಿನಲ್ಲಿ ಉಳಿಯುತ್ತದೆ. ಆಮೇಲೆ ಅವನು ಆ ನೀರನ್ನು 80 ರಿಂದ 90 ಡಿಗ್ರಿಗೆ ಏರಿಸಿದಾಗ ಅದೆಲ್ಲ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ, ಬಿಳಿ ಮೋಡವಾಗಿ ಮೇಲೇಳುತ್ತದೆ. ಅದು ರಿಕೊಟ್ಟಾ.

ನಾವು ಪನೀರ್ ಮಾಡುವ ಬಗೆ ಇದಕ್ಕೆ ವಿರುದ್ಧ. ನಾವು ಮೊದಲೇ ಹಾಲನ್ನು ಕುದಿಸುತ್ತೇವೆ. ಡೇರಿಯಲ್ಲಾದರೂ 80 ರಿಂದ 90 ಡಿಗ್ರಿಗೆ ಏರಿಸಿ, ಸುಮಾರು 70ಕ್ಕೆ ಇಳಿಸಿ, ಆಮೇಲೆ ಹುಳಿ ಹಾಕುತ್ತಾರೆ. ಹಾಗೆ ಕಾಯುವಾಗಲೇ ಹಾಲೊಡಕಿನ ಪ್ರೋಟೀನು ಬಿಚ್ಚಿಕೊಂಡಿರುತ್ತದೆ. ಅದರ ಪಕ್ಕದಲ್ಲಿ ಇರುವುದು ಯಾರು? ಕೇಸೀನ್. ಅದಕ್ಕೇ ಅಂಟಿಕೊಂಡು, ಹುಳಿ ಹಾಕಿದಾಗ ಅದರ ಜೊತೆಯಲ್ಲಿಯೇ ಪನೀರಿಗೆ ಹೋಗಿಬಿಡುತ್ತದೆ. ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್ ಎಂದು ಒಂದು ಇದೆ, ಹಾಲೊಡಕಿನ ಪ್ರೋಟೀನಿನಲ್ಲಿ ಅರ್ಧದಷ್ಟು ಅದೇ. ಅದರ ಬಹುಪಾಲು ಈ ಹಾದಿ ಹಿಡಿಯುತ್ತದೆ. ಪನೀರ್ ಹೆಚ್ಚು ಬರಲಿ ಎಂದೇ ಹಾಲನ್ನು ಅಷ್ಟು ಕಾಯಿಸುವುದು. ಅಂದ ಮೇಲೆ ನೀರಿನಲ್ಲಿ ಉಳಿಯುವುದು ಕಡಿಮೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಉಳಿದದ್ದರಲ್ಲಿಯೂ ಒಂದು ಭಾಗ ಎಷ್ಟು ಕಾಯಿಸಿದರೂ ಗಟ್ಟಿಯಾಗದ ಜಾತಿಯದು.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಒಂದೇ ಮಾತು. ರಿಕೊಟ್ಟಾ ಆಗಬೇಕಾದ ವಸ್ತುವಿನ ಹೆಚ್ಚಿನ ಪಾಲು, ಹಾಲನ್ನು ಕುದಿಸಿ ಮಾಡಿದ ಪನೀರಿನೊಳಗೆ ಆಗಲೇ ಸೇರಿರುತ್ತದೆ. ಅದು ನಷ್ಟವಾಗಿಲ್ಲ. ನೀವು ಅದನ್ನು ಪನೀರಾಗಿ ತೂಗಿದ್ದೀರಿ.

ಈಗ ಲೆಕ್ಕ. ಕಮಲಾಪುರದಲ್ಲಿ ಒಂದು ಮನೆ ಎಂದುಕೊಳ್ಳಿ. ಎಮ್ಮೆ ಹಾಲು 10 ಲೀಟರ್. ಕಾಯಿಸಿ, ಹುಳಿ ನೀರು ಹಾಕಿ, ಒಡೆಸಿ, ಕಟ್ಟಿ, ಭಾರ ಇಟ್ಟರು. ಪನೀರ್ ಸುಮಾರು 2 ಕಿಲೋ ಬಂತು. ಆವಿಯಾಗಿ ಹೋದದ್ದು, ಅರಿವೆ ಹೀರಿದ್ದು ಬಿಟ್ಟು 8 ಲೀಟರ್ ನೀರು ಉಳಿಯಿತು. ಈ ನೀರಿನ ಒಂದು ಲೀಟರಿನಲ್ಲಿ ಪ್ರೋಟೀನು ಎಷ್ಟಿರಬಹುದು? ಹಾಲನ್ನು ಎಷ್ಟು ಕಾಯಿಸಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. 3 ಗ್ರಾಂ ಎಂದು ಇಟ್ಟುಕೊಳ್ಳೋಣ. 8 ಲೀಟರಿಗೆ 24 ಗ್ರಾಂ. ಅದರಲ್ಲಿ ಕಾವಿಗೆ ಗಟ್ಟಿಯಾಗುವುದು ಅರ್ಧ. 12 ಗ್ರಾಂ. ಅದರ ಜೊತೆ ಸ್ವಲ್ಪ ಜಿಡ್ಡು, ತನ್ನ ಮೂರು ಪಟ್ಟು ನೀರು. ಕೊನೆಗೆ ಒಂದು ಹಿಡಿ, 100 ಗ್ರಾಂ ಮುಟ್ಟುವುದೇ ಕಷ್ಟ. ಹಾಲನ್ನು ಬಹಳ ಹೊತ್ತು ಮರಳಿಸಿದ್ದರೆ ಆ ಹೆಣ್ಣುಮಗಳು ಹೇಳಿದ ಹಾಗೆ ಒಂದು ಚಮಚ.

ಇದಕ್ಕೆ ಇಂಧನದ ಲೆಕ್ಕವನ್ನೂ ಸೇರಿಸಿ. 8 ಲೀಟರ್ ತಣ್ಣನೆಯ ನೀರನ್ನು 85 ಡಿಗ್ರಿಗೆ ಏರಿಸಲು ಮನೆಯ ಗ್ಯಾಸ್ ಒಲೆಯಲ್ಲಿ ಸುಮಾರು 80 ಗ್ರಾಂ ಗ್ಯಾಸ್ ಉರಿಯುತ್ತದೆ. ಒಂದು ಹಿಡಿ ಗಿಣ್ಣಕ್ಕೆ 80 ಗ್ರಾಂ ಗ್ಯಾಸ್. ಇದು ನನಗೆ ಒಪ್ಪಿಗೆಯಿಲ್ಲ. ಪನೀರ್ ಕಟ್ಟಿದ ಕೂಡಲೇ, ನೀರು ಇನ್ನೂ 60 ಡಿಗ್ರಿ ಬಿಸಿ ಇರುವಾಗಲೇ ಒಲೆಗೆ ಇಟ್ಟರೆ ಇದರ ಅರ್ಧಕ್ಕಿಂತ ಕಡಿಮೆ ಸಾಕು. ಆದ್ದರಿಂದ ಎರಡನೆಯ ಕಾವು ಕೊಡುವುದಿದ್ದರೆ ಅದೇ ಹೊತ್ತಿನಲ್ಲಿ ಕೊಡಬೇಕು, ಮರುದಿನಕ್ಕೆ ಇಡಬಾರದು.

ಮರುದಿನಕ್ಕೆ ಇಡಬಾರದು ಎನ್ನಲು ಇನ್ನೊಂದು ಕಾರಣವಿದೆ, ಅದು ನಮ್ಮ ಊರಿನ ಬಿಸಿಲು. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವುದು ಹೊಸದಲ್ಲ. ಪನೀರ್ ನೀರಿನಲ್ಲಿ ಹಾಲಿನ ಸಕ್ಕರೆ ಹಾಗೆಯೇ ಇರುತ್ತದೆ, ಲೀಟರಿಗೆ ಸುಮಾರು 45 ಗ್ರಾಂ. ಬೆಚ್ಚನೆಯ ಮನೆಯಲ್ಲಿ ಮುಚ್ಚಿಟ್ಟರೆ ಕೆಲವೇ ಗಂಟೆಗಳಲ್ಲಿ ಸೂಕ್ಷ್ಮಜೀವಿಗಳು ಆ ಸಕ್ಕರೆಯನ್ನು ಹುಳಿ ಮಾಡುತ್ತವೆ. ಅತಿ ಹುಳಿಯಾದ ನೀರಿನಲ್ಲಿ ಮೆತ್ತನೆಯ ಗಿಣ್ಣ ಬರುವುದಿಲ್ಲ. ಮೂಗಿಗೆ ಹುಳಿ ವಾಸನೆ ಹತ್ತಿತು, ನಾಲಿಗೆಗೆ ಮಜ್ಜಿಗೆಗಿಂತ ಹುಳಿ ಎನಿಸಿತು ಎಂದರೆ ಈ ಕೆಲಸಕ್ಕೆ ಅದು ಬೇಡ.

ಈವರೆಗಿನದನ್ನು ಮತ್ತೊಮ್ಮೆ ನೆನಪಿಗೆ ತರುತ್ತೇನೆ. ಬರೀ ಪನೀರ್ ನೀರಿನಿಂದ ಒಂದು ಹಿಡಿ ಮಾತ್ರ. ನೀರು ಬಿಸಿ ಇರುವಾಗಲೇ ಕೆಲಸ. ಹಳೆಯ ನೀರು ಬೇಡ. ಹಾಗಾದರೆ ಹೆಚ್ಚು ಬರಿಸುವ ದಾರಿ ಯಾವುದು? ಆ ನೀರಿಗೆ ಸ್ವಲ್ಪ ಹಾಲು ಸೇರಿಸುವುದು. ಇದು ಮೋಸವಲ್ಲ. ಇಟಲಿಯಲ್ಲಿಯೂ ಎಷ್ಟೋ ಕಡೆ ಹಾಲೊಡಕಿಗೆ ನೂರಕ್ಕೆ ಐದು, ಹತ್ತು ಪಾಲು ಹಾಲು ಬೆರೆಸುತ್ತಾರೆ. ನಮ್ಮ ನೀರು ಅವರದಕ್ಕಿಂತ ಬಡ ನೀರು. ಅದಕ್ಕೆ ನಾವು ಎಂಟಕ್ಕೆ ಒಂದು ಬೆರೆಸೋಣ. 8 ಲೀಟರ್ ನೀರಿಗೆ 1 ಲೀಟರ್ ಹಸುವಿನ ಹಾಲು.

ಹಾಲು ಬೆರೆಸುವುದರಿಂದ ಆಗುವುದೇನು? ಬಿಡಿಬಿಡಿಯಾಗಿ ತೇಲುವ ಆ ಸಣ್ಣ ಪ್ರೋಟೀನಿಗೆ ಅಂಟಿಕೊಳ್ಳಲು ಕೇಸೀನಿನ ಆಸರೆ ಸಿಗುತ್ತದೆ. ಅರಿವೆಯ ಕಣ್ಣಿನಲ್ಲಿ ಸೋರಿಹೋಗುವಷ್ಟು ಸಣ್ಣದು ಈಗ ಝಾರಿಯಲ್ಲಿ ಎತ್ತುವಷ್ಟು ದೊಡ್ಡದಾಗುತ್ತದೆ. ಇನ್ನೂ ಒಂದು ಅನುಕೂಲವಿದೆ. ಪನೀರ್ ನೀರಿನಲ್ಲಿ ಹುಳಿ ಆಗಲೇ ಇದೆ, ನೀವೇ ಹಾಕಿದ ಹುಳಿ. ಆ ಹುಳಿಯೇ ಈ ಒಂದು ಲೀಟರ್ ಹಾಲನ್ನು ಒಡೆಯುವ ಕೆಲಸದ ಬಹುಪಾಲನ್ನು ಮಾಡಿಬಿಡುತ್ತದೆ. ಲಿಂಬೆಹಣ್ಣು ಬೇಕಾದರೆ ಬೇಕು, ಇಲ್ಲದಿದ್ದರೆ ಇಲ್ಲ. ಅದನ್ನು ಪಾತ್ರೆಯೇ ಹೇಳುತ್ತದೆ. ಹೇಗೆ ಹೇಳುತ್ತದೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಈಗ ಮಾಡುವ ಬಗೆ. ಬರೆದುಕೊಳ್ಳುವವರು ಬರೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ.

ದಪ್ಪ ತಳದ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಬೇಡವೇ ಬೇಡ, ಹುಳಿ ನೀರು ಲೋಹವನ್ನು ತಿನ್ನುತ್ತದೆ. ಪನೀರ್ ನೀರನ್ನು ತೆಳು ಅರಿವೆಯಲ್ಲಿ ಸೋಸಿ ಹಾಕಿ. ಪನೀರಿನ ಚೂರುಗಳು ನೀರಿನಲ್ಲಿ ಉಳಿದರೆ ಅವು ಎರಡನೆಯ ಕಾವಿನಲ್ಲಿ ಗಟ್ಟಿ ಕಾಳಾಗಿ, ಮೆತ್ತನೆಯ ಗಿಣ್ಣದ ನಡುವೆ ಹಲ್ಲಿಗೆ ಸಿಗುತ್ತವೆ.

ನೀರು 50, 60 ಡಿಗ್ರಿ ಇರುವಾಗ ಹಾಲು ಬೆರೆಸಿ. ಬೆರಳಿಟ್ಟರೆ ಒಂದು ಕ್ಷಣಕ್ಕಿಂತ ಹೆಚ್ಚು ಇಡಲಾಗದ ಬಿಸಿ ಅದು. ಒಂದು ಸಣ್ಣ ಚಮಚ ಉಪ್ಪು ಹಾಕಿ. ಉಪ್ಪು ರುಚಿಗೆ ಮಾತ್ರವಲ್ಲ, ಕಣಗಳು ಒಂದುಗೂಡಲು ಅದರ ನೆರವೂ ಇದೆ. ಸೌಟಿನಿಂದ ಒಮ್ಮೆ ತಳದಿಂದ ಮೇಲಕ್ಕೆ ತಿರುವಿ. ಈಗ ನೀರಿಗೆ ಬಿಳಿ ಬಣ್ಣ ಬಂದಿರುತ್ತದೆ, ನೀರು ಹೆಚ್ಚಾದ ಹಾಲಿನ ಹಾಗೆ.

ಉರಿ ನಡುವೆ ಇರಲಿ. ದೊಡ್ಡ ಉರಿಯಲ್ಲಿ ತಳ ಹಿಡಿಯುತ್ತದೆ. ತಳ ಹಿಡಿದರೆ ಆ ಕಮಟು ಇಡೀ ಪಾತ್ರೆಗೆ ಹತ್ತುತ್ತದೆ, ಆಮೇಲೆ ಯಾವ ಉಪಾಯಕ್ಕೂ ಹೋಗುವುದಿಲ್ಲ. ಕಾವು ಏರುವವರೆಗೆ ನಿಧಾನವಾಗಿ ತಳ ಕೆದಕುತ್ತಾ ಇರಿ. 75, 80 ಡಿಗ್ರಿ ಬರುವಾಗ ಸೌಟಿನ ಬೆನ್ನಿನ ಮೇಲೆ ರವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು ಕಾಣಲು ಶುರುವಾಗುತ್ತವೆ. ಅದು ಸೂಚನೆ. ಅಲ್ಲಿಂದ ಮುಂದೆ ತಿರುವಬೇಡಿ. ತಿರುವಿದರೆ ಒಂದುಗೂಡುತ್ತಿರುವ ಕಣಗಳು ಮತ್ತೆ ಒಡೆದು ಪುಡಿಯಾಗುತ್ತವೆ.

85 ಡಿಗ್ರಿಗೆ ಬಂತು ಎನ್ನುವುದು ಥರ್ಮಾಮೀಟರ್ ಇಲ್ಲದೆಯೂ ತಿಳಿಯುತ್ತದೆ. ಪಾತ್ರೆಯ ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಮೇಲ್ಮೈ ನಡುಗುತ್ತದೆ, ಆವಿ ಜೋರಾಗಿರುತ್ತದೆ, ಆದರೆ ನಡುವೆ ಕುದಿ ಇರುವುದಿಲ್ಲ. ಈ ಹಂತದಲ್ಲಿ ಉರಿ ಪೂರ್ತಿ ಸಣ್ಣದು ಮಾಡಿ. ಕುದಿ ಎಬ್ಬಿಸಬೇಡಿ. ಕುದಿಯುವ ನೀರು ಮೇಲೆ ಬಂದ ಗಿಣ್ಣವನ್ನು ಒಳಕ್ಕೆ ಎಳೆದು ಒಡೆಯುತ್ತದೆ, ಅದರೊಳಗಿನ ತೇವವನ್ನು ಹಿಂಡಿಬಿಡುತ್ತದೆ. ಆಗ ಬರುವುದು ಮೆತ್ತನೆಯದಲ್ಲ, ಹಲ್ಲಿಗೆ ಕಿರುಗುಟ್ಟುವ ರಬ್ಬರಿನಂಥದು.

ಕೇಳುಗರೇ, ಪಾತ್ರೆ ಈಗ ಎಲ್ಲಿಗೆ ಬಂದಿದೆ? ನೀರು, ಹಾಲು, ಉಪ್ಪು ಸೇರಿದೆ. 85 ಡಿಗ್ರಿ ಆಗಿದೆ. ತಿರುವುವುದನ್ನು ನಿಲ್ಲಿಸಿದ್ದೇವೆ. ಇನ್ನು ಹುಳಿಯ ಮಾತು. ಇಡೀ ಕೆಲಸದ ಸೂಕ್ಷ್ಮ ಇರುವುದು ಇಲ್ಲಿ.

ಒಂದೆರಡು ನಿಮಿಷ ಬಿಟ್ಟು, ಝಾರಿಯಿಂದ ಮೇಲಿನ ಬಿಳಿಯನ್ನು ಮೆಲ್ಲಗೆ ಒಂದು ಬದಿಗೆ ಸರಿಸಿ. ಕೆಳಗಿನ ನೀರನ್ನು ನೋಡಿ. ಅದು ತಿಳಿಯಾಗಿ, ಹಸಿರು ಹಳದಿಯಾಗಿ ಕಂಡರೆ ಹುಳಿ ಸಾಕು. ಲಿಂಬೆಹಣ್ಣನ್ನು ಮುಟ್ಟಬೇಡಿ. ಆ ಹಸಿರು ಹಳದಿ ಬಣ್ಣ ರೈಬೊಫ್ಲೇವಿನ್ ಎಂಬ ಜೀವಸತ್ವದ್ದು. ಅದು ಹಾಲಿನಲ್ಲಿ ಮೊದಲಿನಿಂದಲೂ ಇರುತ್ತದೆ. ಬಿಳಿ ಕಣಗಳು ಬೇರೆಯಾದಾಗ ಮಾತ್ರ ಕಣ್ಣಿಗೆ ಕಾಣುತ್ತದೆ. ನೀರು ಇನ್ನೂ ಬೆಳ್ಳಗೆ, ಮಬ್ಬಾಗಿ ಇದ್ದರೆ ಹುಳಿ ಕಡಿಮೆಯಾಗಿದೆ ಎಂದರ್ಥ.

ಕಡಿಮೆಯಾಗಿದ್ದರೆ ಹಾಕುವುದು ಎಷ್ಟು? ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಲಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಕರಗಿಸಿಟ್ಟುಕೊಳ್ಳಿ. ಇಂಡಿಯ ಲಿಂಬೆ ನಮ್ಮ ಮಾರುಕಟ್ಟೆಗೆ ದೂರವಲ್ಲ. ಅದಾದರೆ ಎರಡು ಹಣ್ಣಿನ ರಸಕ್ಕೆ ಅಷ್ಟೇ ನೀರು ಬೆರೆಸಿ. ಇದನ್ನು ಒಮ್ಮೆಗೇ ಸುರಿಯಬೇಡಿ. ಎರಡು ದೊಡ್ಡ ಚಮಚ ಹಾಕಿ, ಪಾತ್ರೆಯ ಮೇಲೆಲ್ಲ ಹರಡುವಂತೆ ಹಾಕಿ. ಒಮ್ಮೆ ಮಾತ್ರ, ತುಂಬ ಮೆಲ್ಲಗೆ ಸೌಟು ಆಡಿಸಿ. ಒಂದು ನಿಮಿಷ ಕಾಯಿರಿ. ಮತ್ತೆ ಸರಿಸಿ ನೋಡಿ. ತಿಳಿಯಾಗದಿದ್ದರೆ ಮತ್ತೆ ಎರಡು ಚಮಚ. ನೀರು ತಿಳಿಯಾದ ಚಮಚಕ್ಕೆ ನಿಲ್ಲಿಸಬೇಕು.

ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಪಿಎಚ್ ಕಾಗದ ಸಿಗುತ್ತದೆ. ಹುಳಿಯ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಕಾಗದ ಅದು. ಇದ್ದವರು ಒಂದು ಹನಿ ಮುಟ್ಟಿಸಿ ನೋಡಬಹುದು. ಹಸಿ ಹಾಲು 6.7ರ ಆಸುಪಾಸು ತೋರಿಸುತ್ತದೆ. ಒಳ್ಳೆಯ ಪನೀರ್ ನೀರು 5.4ರ ಆಸುಪಾಸು. ನಮಗೆ ಬೇಕಾದ ಮೆತ್ತನೆಯ ಗಿಣ್ಣ ಬರುವುದು ಈ ಎರಡರ ನಡುವೆ, 5.6 ರಿಂದ 5.8ರ ಹತ್ತಿರ. ಈ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು ಎಂದು ನೆನಪಿಡಿ.

ಹುಳಿ ಹೆಚ್ಚಾದರೆ ಏನು ತೊಂದರೆ ಎಂದು ಕೇಳಬಹುದು. ಹುಳಿ ಹೆಚ್ಚಾದರೆ ಕಣಗಳು ಬಿಗಿದುಕೊಳ್ಳುತ್ತವೆ. ತಮ್ಮೊಳಗೆ ನೀರು, ಗಾಳಿ ಹಿಡಿದಿಟ್ಟುಕೊಂಡು ಮೇಲೆ ತೇಲಬೇಕಾದವು ಸಣ್ಣ ಗಟ್ಟಿ ಕಾಳಾಗಿ ತಳಕ್ಕೆ ಕೂರುತ್ತವೆ. ಬಾಯಿಗೆ ಮರಳು ಮರಳು, ನಾಲಿಗೆಗೆ ಹುಳಿ. ಆ ಹೆಣ್ಣುಮಗಳು ನೀರಿನ ತಿಳಿ ನೋಡದೆಯೇ ಲಿಂಬೆ ಹಿಂಡಿದ್ದರು. ಆಗಲೇ ಹುಳಿಯಾಗಿದ್ದ ನೀರಿಗೆ ಇನ್ನಷ್ಟು ಹುಳಿ ಬಿತ್ತು. ಇದ್ದ ಸ್ವಲ್ಪವೂ ಅರಿವೆಯಲ್ಲಿ ನಿಲ್ಲದಷ್ಟು ಸಣ್ಣದಾಯಿತು. ರೆನೆಟ್ ಹಾಕಿದ ಚೀಸಿನ ನೀರು ಹುಳಿಯಾಗಿರುವುದಿಲ್ಲ, ಆದ್ದರಿಂದ ಇಟಲಿಯ ಕ್ರಮದಲ್ಲಿ ಎಷ್ಟೋ ಕಡೆ ಹುಳಿ ಹಾಕುತ್ತಾರೆ. ನಮ್ಮ ಪನೀರ್ ನೀರಿಗೆ ಅದೇ ಕ್ರಮವನ್ನು ಕಣ್ಣುಮುಚ್ಚಿ ಹಚ್ಚಿದಾಗ ಕೆಡುವುದು ಇಲ್ಲಿಯೇ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಕೆಲವರಿಗೆ ಬರೀ ಪನೀರ್ ನೀರಿಗೆ, ಹಾಲು ಹಾಕದೆ, ಲಿಂಬೆ ಹಿಂಡಿದಾಗ ತುಂಬ ಗಿಣ್ಣ ಬರುತ್ತದೆ. ಅವರು ಸಂತೋಷಪಡುತ್ತಾರೆ. ಅಂಥವರು ತಮ್ಮ ಪನೀರ್ ನೀರಿನ ಬಣ್ಣವನ್ನು ನೆನಪು ಮಾಡಿಕೊಳ್ಳಲಿ. ಅದು ಬೆಳ್ಳಗಿತ್ತೇ? ಬೆಳ್ಳಗಿದ್ದರೆ ಮೊದಲ ಸಲ ಹುಳಿ ಸಾಲದೆ ಕೇಸೀನೇ ನೀರಿನಲ್ಲಿ ಉಳಿದಿತ್ತು. ಎರಡನೆಯ ಸಲ ಬಂದದ್ದು ರಿಕೊಟ್ಟಾ ಅಲ್ಲ, ಬಿಟ್ಟುಹೋದ ಪನೀರ್. ತಿನ್ನಲು ಅಡ್ಡಿಯಿಲ್ಲ. ಆದರೆ ಮಾರಾಟಕ್ಕೆ ಪನೀರ್ ಮಾಡುವವರಿಗೆ ಅದು ದಿನದಿನವೂ ಆಗುವ ನಷ್ಟ. ಅವರು ಸರಿಪಡಿಸಬೇಕಾದದ್ದು ಮೊದಲ ಕಾವಿನ ಹುಳಿಯನ್ನು, ಎರಡನೆಯದನ್ನಲ್ಲ.

ಹುಳಿಯ ಮಾತು ಮುಗಿಯಿತು. ಅದರ ಸಾರ ಇಷ್ಟು: ಮೊದಲು ಕಾಯಿಸಿ, ಆಮೇಲೆ ನೀರಿನ ತಿಳಿ ನೋಡಿ, ಬೇಕಾದರೆ ಮಾತ್ರ ಚಮಚದ ಲೆಕ್ಕದಲ್ಲಿ ಹುಳಿ. ಇನ್ನು ಎತ್ತುವುದು, ಸೋಸುವುದು.

ಒಲೆ ಆರಿಸಿ. ಮುಚ್ಚಿ, 10 ರಿಂದ 15 ನಿಮಿಷ ಹಾಗೆಯೇ ಬಿಡಿ. ಈ ಹೊತ್ತಿನಲ್ಲಿ ಅವಸರ ಬೇಡ. ಕಣಗಳು ಒಂದಕ್ಕೊಂದು ಕೂಡಿ, ಮೇಲೆ ಒಂದು ಬೆರಳು ದಪ್ಪದ ಮೆತ್ತನೆಯ ಪದರ ಕಟ್ಟುತ್ತವೆ. ದೊಡ್ಡ ಜಾಲರಿ ಪಾತ್ರೆಯಲ್ಲಿ ತೊಳೆದು ಕುದಿಸಿದ ತೆಳು ಅರಿವೆ ಹಾಸಿ. ಝಾರಿಯಿಂದ ಪದರವನ್ನು ಎತ್ತಿ ಎತ್ತಿ ಅದರ ಮೇಲೆ ಇಡಿ. ಪಾತ್ರೆಯನ್ನೇ ಎತ್ತಿ ಸುರಿಯಬೇಡಿ. ಸುರಿದರೆ ನೀರಿನ ಭಾರಕ್ಕೆ ಗಿಣ್ಣ ಒಡೆದು ಅರಿವೆಯ ಕಣ್ಣು ಕಟ್ಟಿಕೊಳ್ಳುತ್ತದೆ, ನೀರು ಇಳಿಯುವುದೇ ಇಲ್ಲ. ಎಲ್ಲ ಎತ್ತಿದ ಮೇಲೆ ಉಳಿದ ನೀರನ್ನು ಕೊನೆಗೆ ಮೆಲ್ಲಗೆ ಸೋಸಬಹುದು.

ಅರಿವೆಯನ್ನು ಹಿಂಡಬಾರದು, ಮೇಲೆ ಭಾರ ಇಡಬಾರದು. ಪನೀರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು. ತಾನಾಗಿಯೇ ನೀರು ಇಳಿಯಲಿ. ಅರ್ಧ ಗಂಟೆಯಲ್ಲಿ ಚಮಚದಲ್ಲಿ ಎತ್ತಿದರೆ ನಿಲ್ಲುವಷ್ಟು, ರೊಟ್ಟಿಯ ಮೇಲೆ ಸವರಿದರೆ ಹರಡುವಷ್ಟು ಹದ ಬರುತ್ತದೆ. ಒಂದು ಗಂಟೆ ಬಿಟ್ಟರೆ ಇನ್ನೂ ಬಿಗಿ. ನಮ್ಮ ಮನೆಯ ಲೆಕ್ಕದಲ್ಲಿ, 8 ಲೀಟರ್ ನೀರಿಗೆ 1 ಲೀಟರ್ ಹಸುವಿನ ಹಾಲು ಹಾಕಿದ್ದಕ್ಕೆ, ಸುಮಾರು 300 ಗ್ರಾಂ ಬರಬೇಕು.

ಈ 300 ಗ್ರಾಂ ಬಗ್ಗೆ ಒಂದು ನೇರ ಮಾತು ಹೇಳುತ್ತೇನೆ. ಇದೇ ಒಂದು ಲೀಟರ್ ಹಸುವಿನ ಹಾಲಿನಿಂದ ಪನೀರ್ ಮಾಡಿದ್ದರೆ 170, 180 ಗ್ರಾಂ ಬರುತ್ತಿತ್ತು. 300 ಎಲ್ಲಿ, 180 ಎಲ್ಲಿ ಎನಿಸುತ್ತದೆ. ಆದರೆ ಪನೀರಿನಲ್ಲಿ ಅರ್ಧದಷ್ಟು ಮಾತ್ರ ನೀರು. ಈ ಮೆತ್ತನೆಯ ಗಿಣ್ಣದಲ್ಲಿ ಮುಕ್ಕಾಲು ಪಾಲು ನೀರು. ಎರಡನ್ನೂ ಒಣಗಿಸಿ ತೂಗಿದರೆ ವ್ಯತ್ಯಾಸ ಬಹಳವಿಲ್ಲ. ಹಾಲೊಡಕಿನಿಂದ ನಿಜವಾಗಿ ಕೂಡಿಬಂದ ಗಟ್ಟಿ ಪದಾರ್ಥ ಜಿಡ್ಡು ಸೇರಿಯೂ ಬಹಳ ಸ್ವಲ್ಪ. ಆದ್ದರಿಂದ ಪನೀರ್ ನೀರಿನಿಂದ ಲಾಭವೇ ಲಾಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಾಭ ಇರುವುದು ಬೇರೆ ಕಡೆ. ಹಾಲು ಒಡೆಯಲು ಬೇರೆ ಹುಳಿ ಬೇಕಾಗಲಿಲ್ಲ. ನೀರಿನ ಬಿಸಿ ಉಪಯೋಗಕ್ಕೆ ಬಂತು. ಪನೀರಿನಿಂದ ಆಗದ ಒಂದು ಹದ ಕೈಗೆ ಬಂತು. ಈ ಹದ ನಿಮಗೆ ಬೇಕಾಗಿದ್ದರೆ ಮಾಡಿ. ಬರೀ ತೂಕ ಬೇಕಾಗಿದ್ದರೆ ಆ ಒಂದು ಲೀಟರನ್ನೂ ಮೊದಲೇ ಪನೀರಿಗೆ ಹಾಕುವುದು ಮೇಲು.

ಹಾಗಾದರೆ ಪನೀರಿನ ಹಾಲನ್ನೇ ಕಡಿಮೆ ಕಾಯಿಸಿ, ನೀರಿನಲ್ಲಿ ಹೆಚ್ಚು ಪ್ರೋಟೀನು ಉಳಿಸಬಹುದಲ್ಲ ಎಂದು ಚುರುಕಾದ ಕೇಳುಗರು ಯೋಚಿಸುತ್ತಿರಬಹುದು. ಉಳಿಸಬಹುದು. ಆದರೆ ನೀರಿಗೆ ಬಂದಷ್ಟು ಪನೀರಿನಲ್ಲಿ ಕಡಿಮೆಯಾಗುತ್ತದೆ. ಅದಕ್ಕಿಂತ ಮುಖ್ಯ, ಹಸಿ ಹಾಲನ್ನು ಸರಿಯಾಗಿ ಕಾಯಿಸದಿದ್ದರೆ ಅದರಲ್ಲಿರುವ ರೋಗಾಣುಗಳು ಉಳಿದು ಪನೀರಿಗೆ ಬರುತ್ತವೆ. ಇದನ್ನು ಮನೆಯಲ್ಲಿ ಮಾಡಬೇಡಿ.

ಈ ಎರಡನೆಯ ಕಾವಿನ ಕೆಲಸವನ್ನು ಕಲಿಯಬೇಕೆನ್ನುವ, ಮಾರಾಟಕ್ಕೆ ಮಾಡಬೇಕೆನ್ನುವ ತರುಣರಿಗೆ ಒಂದು ಸೂಚನೆ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ದಾರಿಯಲ್ಲಿ, ಕಮಲಾಪುರ ತಲುಪುವ ಮೊದಲೇ, ಮಹಾಗಾಂವ ಕ್ರಾಸ್‌ನಲ್ಲಿ ಹೈನು ವಿಜ್ಞಾನ ಮಹಾವಿದ್ಯಾಲಯವಿದೆ. ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹಾಲು, ಹಾಲಿನ ಪದಾರ್ಥ, ಹಾಲೊಡಕು, ಇವೇ ಅಲ್ಲಿನ ಓದು. ನಮ್ಮ ಮಗ್ಗುಲಿನಲ್ಲಿಯೇ ಇರುವ ಇಂಥ ಕಡೆ ಹೋಗಿ ಕೇಳುವುದಕ್ಕೆ ಸಂಕೋಚಪಡಬೇಡಿ. ನಿಮ್ಮ ಪನೀರ್ ನೀರಿನಲ್ಲಿ ನಿಜವಾಗಿ ಎಷ್ಟು ಪ್ರೋಟೀನು ಉಳಿದಿದೆ ಎಂಬುದು ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುವ ಸಂಗತಿ. ನಾನು 3 ಗ್ರಾಂ ಎಂದು ಇಟ್ಟುಕೊಂಡದ್ದು ಲೆಕ್ಕ ತೋರಿಸಲಿಕ್ಕೆ. ದಿನಕ್ಕೆ ನೂರಾರು ಲೀಟರ್ ನೀರು ಉಳಿಯುವ ಘಟಕದವರು ಒಲೆ ಹಚ್ಚುವ ಮೊದಲು ಈ ಪರೀಕ್ಷೆ ಮಾಡಿಸಬೇಕು. ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಪನೀರ್ ಎಂಬ ಹೆಸರಿನಲ್ಲಿ ಇದನ್ನು ಮಾರುವ ಹಾಗಿಲ್ಲ, ಪನೀರಿಗೆ ತೇವದ ಮಿತಿ ಇದೆ, ಇದು ಆ ಮಿತಿಯನ್ನು ದಾಟಿರುತ್ತದೆ.

ಅದೇ ತೇವದಿಂದ ಇನ್ನೊಂದು ಮಿತಿಯೂ ಬರುತ್ತದೆ, ಬಾಳಿಕೆಯದು. ಈ ಗಿಣ್ಣ ಮುಕ್ಕಾಲು ನೀರು, ಹುಳಿ ಕಡಿಮೆ, ಉಪ್ಪೂ ಕಡಿಮೆ. ಕೆಡಲು ಬೇಕಾದದ್ದೆಲ್ಲ ಅದರಲ್ಲಿದೆ. ನೀರು ಇಳಿದ ಕೂಡಲೇ ಒಣಗಿದ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಮೂರು ದಿನದೊಳಗೆ ತಿಂದು ಮುಗಿಸಿ. ಫ್ರಿಜ್ ಇಲ್ಲದ ಮನೆಯಲ್ಲಿ ಮಾಡಿದ ಹೊತ್ತಿನಲ್ಲಿಯೇ ತಿನ್ನಬೇಕು, ಬೇಸಿಗೆಯಲ್ಲಿ ಸಂಜೆಯವರೆಗೂ ಇಡಬೇಡಿ. ಕೈ ಹಾಕಿದಾಗ ಲೋಳೆ ಲೋಳೆ ಎನಿಸಿದರೆ, ಮೇಲೆ ಗುಲಾಬಿ ಅಥವಾ ಹಳದಿ ಕಲೆ ಕಂಡರೆ, ಕಹಿ ತಾಗಿದರೆ ಚೆಲ್ಲಿಬಿಡಿ. ಮತ್ತೆ ಕಾಯಿಸಿ ತಿನ್ನುವ ಯೋಚನೆ ಬೇಡ.

ತಿನ್ನುವುದು ಹೇಗೆ ಎಂಬುದಕ್ಕೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬಿಸಿ ಜೋಳದ ರೊಟ್ಟಿಯ ಮೇಲೆ ಸವರಿ, ಶೇಂಗಾ ಹಿಂಡಿ ಉದುರಿಸಿದರೆ ಎರಡೂ ಒಂದಕ್ಕೊಂದು ಒಪ್ಪುತ್ತವೆ. ಗಿಣ್ಣ ಸಪ್ಪೆ, ಹಿಂಡಿ ಖಾರ. ಮಕ್ಕಳಿಗಾದರೆ ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಿವುಚಿ, ಸ್ವಲ್ಪ ಬೆಲ್ಲದ ಪುಡಿ ಸೇರಿಸಿ ಕೊಡಿ. ಪನೀರಿನ ಹಾಗೆ ಎಣ್ಣೆಯಲ್ಲಿ ಕರಿಯಲು, ಸಾರಿನಲ್ಲಿ ತುಂಡಾಗಿ ಹಾಕಲು ಇದು ಬರುವುದಿಲ್ಲ, ಒಡೆದು ಹರಡಿಹೋಗುತ್ತದೆ.

ಕೊನೆಯದಾಗಿ, ಎರಡನೆಯ ಕಾವಿನ ನಂತರವೂ ಪಾತ್ರೆಯಲ್ಲಿ 8 ಲೀಟರಿನಷ್ಟು ನೀರು ಇದ್ದೇ ಇರುತ್ತದೆ. ನಾವು ತೆಗೆದದ್ದು ಅದರ ಪ್ರೋಟೀನಿನ ಒಂದು ಭಾಗ ಮಾತ್ರ. ಹಾಲಿನ ಸಕ್ಕರೆ ಪೂರ್ತಿ ಅದರಲ್ಲಿಯೇ ಉಳಿದಿದೆ. ಈ ನೀರನ್ನು ಮೂರನೆಯ ಸಲ ಕಾಯಿಸಿದರೆ ಏನೂ ಬರುವುದಿಲ್ಲ. ತಣಿದ ಮೇಲೆ ರೊಟ್ಟಿ, ಚಪಾತಿ ಹಿಟ್ಟು ಕಲಸಲು, ಬೇಳೆಗೆ ಹಾಕಲು ಒಂದೆರಡು ಲೀಟರ್ ಬಳಸಿ. ಹುಳಿ ಇರುವುದರಿಂದ ಬೇಳೆ ಬೇಯುವುದು ಸ್ವಲ್ಪ ತಡವಾಗುತ್ತದೆ, ಅದಕ್ಕೆ ಬೇಳೆ ಮೆತ್ತಗಾದ ಮೇಲೆ ಹಾಕುವುದು ಒಳ್ಳೆಯದು. ಉಳಿದದ್ದನ್ನು ಎಮ್ಮೆಗೆ ಕುಡಿಸುವುದಿದ್ದರೆ ಅದೇ ದಿನ, ಸಾಕಷ್ಟು ನೀರು ಬೆರೆಸಿ, ಒಂದು ದನಕ್ಕೆ ಒಂದೆರಡು ಲೀಟರಿನಿಂದ ಶುರುಮಾಡಿ. ಒಮ್ಮೆಗೇ ಬಕೆಟ್ ತುಂಬ ಇಟ್ಟರೆ ಹೊಟ್ಟೆ ಕೆಡುತ್ತದೆ. ಬಾವಿಯ ಹತ್ತಿರ, ಕೆರೆಯ ಕಡೆ ಹರಿಯುವ ಗಟಾರಕ್ಕೆ ಮಾತ್ರ ಚೆಲ್ಲಬೇಡಿ. ಆ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನೊಳಗಿನ ಆಮ್ಲಜನಕವನ್ನು ಹೀರಿಬಿಡುತ್ತವೆ, ಮೀನು ಸಾಯುತ್ತವೆ, ನೀರು ನಾರುತ್ತದೆ.